ಈ ಮಾತು ಯಾರದ್ದು?

ಕೇಳುಗರಿಗೆ ನಮಸ್ಕಾರ.

ಕಾದಂಬರಿಯಲ್ಲಿ ಕೆಲವೊಮ್ಮೆ ಒಂದು ಇಡೀ ಪುಟ ಬರೀ ಮಾತೇ ಇರುತ್ತದೆ. "ಎಂದನು", "ಕೇಳಿದಳು" ಅಂತ ಒಂದೂ ಇರುವುದಿಲ್ಲ. ಆರನೆಯ ಸಾಲಿಗೆ ಬರುವಷ್ಟರಲ್ಲಿ ಇದು ಅಣ್ಣನ ಮಾತೋ ತಂಗಿಯದ್ದೋ ಎಂದು ಲೆಕ್ಕ ತಪ್ಪುತ್ತದೆ. ಮನಸ್ಸಿನಲ್ಲೇ ಓದುವವರು ಹಾಗೇ ದಾಟಿಕೊಂಡು ಮುಂದೆ ಹೋಗಬಹುದು. ಕಥೆಯನ್ನು ನಾಟಕ ಮಾಡುವವರಿಗೆ, ದೃಷ್ಟಿ ಇಲ್ಲದವರಿಗಾಗಿ ಓದಿ ಧ್ವನಿಮುದ್ರಿಸುವವರಿಗೆ, ಅನುವಾದಕರಿಗೆ ಹಾಗೆ ದಾಟಲು ಬರುವುದಿಲ್ಲ. ಅವರು ಪ್ರತಿ ಸಾಲಿಗೂ ಒಂದು ಹೆಸರು ಬರೆಯಲೇಬೇಕು. ಆ ಹೆಸರು ಹುಡುಕುವುದು ಹೇಗೆ ಎಂಬುದು ಇವತ್ತಿನ ವಿಷಯ.

ಕಾಗದ, ಪೆನ್ಸಿಲು ಹತ್ತಿರದಲ್ಲಿದ್ದರೆ ತೆಗೆದುಕೊಳ್ಳಿ. ಇದಕ್ಕಾಗಿಯೇ ಹೊಸೆದ ಎಂಟು ಸಾಲಿನ ಒಂದು ಸಂಭಾಷಣೆಯನ್ನು ಓದುತ್ತೇನೆ. ಧ್ವನಿ ಬದಲಿಸುವುದಿಲ್ಲ. ಬದಲಿಸಿದರೆ ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತದೆ. ಜಾಗ ನಮ್ಮದೇ ಬದಿಯಡ್ಕದ ಕಡೆಯ ಒಂದು ಅಡಿಕೆ ತೋಟದ ಮನೆ, ಮಳೆಗಾಲ ಹತ್ತಿರ ಬಂದಿದೆ, ಅಡಿಕೆಗೆ ಮೈಲುತುತ್ತು ಸುಣ್ಣದ ಮದ್ದು ಬಿಡಿಸಬೇಕಾದ ಹೊತ್ತು. ಜಗಲಿಯಲ್ಲಿ ಶಂಕರ ಮತ್ತು ಅವನ ತಂಗಿ ಸಾವಿತ್ರಿ. ಬಾಗಿಲ ಒಳಗೆ ಅಮ್ಮ ಹಲಸಿನ ಸೊಳೆ ಬಿಡಿಸುತ್ತಿದ್ದಾಳೆ. ಮೊದಲ ಮಾತು ಶಂಕರನದು ಎಂದಷ್ಟೇ ಬರೆದಿದೆ.

ಒಂದು. "ಮದ್ದು ಬಿಡುವವ ಇವತ್ತಾದರೂ ಬಂದನಾ ಮಾರಾಯ್ತಿ?"

ಎರಡು. "ಬಂದಿದ್ದನಂತೆ. ನಾನು ಪೇಟೆಗೆ ಹೋಗಿದ್ದೆ."

ಮೂರು. "ಬಂದವ ಮತ್ತೆ ಯಾಕೆ ತಿರುಗಿ ಹೋದ?"

ನಾಲ್ಕು. "ಸುಣ್ಣ ಇಲ್ಲ ಅಂತ ಹೋದ. ಮೈಲುತುತ್ತಿನ ಚೀಲ ಬಿಚ್ಚಿ ನೋಡಿದ, ಕಟ್ಟಿಟ್ಟ, ಹೋದ."

ಐದು. "ಮೊದಲೇ ಒಂದು ಮಾತು ಹೇಳಿದ್ದರೆ ಬರುವಾಗ ತರುತ್ತಿದ್ದೆ."

ಆರು. "ನೀನು ಹೊರಟ ಮೇಲೆ ಅಲ್ಲವಾ ಅವ ಬಂದದ್ದು."

ಏಳು. "ಆಯಿತು, ನಾಳೆ ನಾನೇ ತರುತ್ತೇನೆ. ಎಷ್ಟು ಬೇಕು?"

ಎಂಟು. "100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ. ಇಷ್ಟು ವರ್ಷ ಆದರೂ ಅದು ಗೊತ್ತಿಲ್ಲವಾ ಅಣ್ಣ?"

ಇಲ್ಲಿಗೆ ಎಂಟು ಸಾಲು ಆಯಿತು. ಹೆಚ್ಚಿನವರು ಮಾಡುವುದು ಒಂದೇ ಲೆಕ್ಕ: ಒಬ್ಬ ಆಡಿದ, ಇನ್ನೊಬ್ಬಳು ಉತ್ತರ ಕೊಟ್ಟಳು, ಮತ್ತೆ ಅವನು, ಮತ್ತೆ ಅವಳು. ಹಾಗೆ ಎಣಿಸಿದರೆ ಬೆಸ ಸಂಖ್ಯೆಯ ಸಾಲೆಲ್ಲ ಶಂಕರನದು, ಸಮ ಸಂಖ್ಯೆಯದ್ದೆಲ್ಲ ಸಾವಿತ್ರಿಯದು. ಎಂಟನೆಯ ಸಾಲಿನಲ್ಲಿ "ಅಣ್ಣ" ಎಂದಿದೆ, ಅದು ಸಾವಿತ್ರಿಯೇ, ಎಂಟು ಸಮಸಂಖ್ಯೆಯೂ ಹೌದು. ಲೆಕ್ಕ ಕೂಡಿಬಂತು ಅಂತ ಪುಸ್ತಕ ಮುಚ್ಚಿದರೆ ನಡುವಿನ ಮೂರು ಸಾಲು ತಪ್ಪಾದವರ ಬಾಯಿಗೆ ಹೋಗಿರುತ್ತವೆ.

ಅದಕ್ಕೇ ಕ್ರಮ ಬೇರೆ ಮಾಡಿಕೊಳ್ಳಬೇಕು. ಮೊದಲು ಸಾಲುಗಳಿಗೆ ಅಂಚಿನಲ್ಲಿ ಸಂಖ್ಯೆ ಹಾಕಿ. ಆಮೇಲೆ ಮೇಲಿನಿಂದ ಕೆಳಗೆ ಎಣಿಸಲು ಹೋಗಬೇಡಿ. ಸಂಶಯವೇ ಇಲ್ಲದ ಸಾಲುಗಳನ್ನು ಮಾತ್ರ ಮೊದಲು ಹುಡುಕಿ, ಅವಕ್ಕೆ ಶಾಯಿಯಲ್ಲಿ ಹೆಸರು ಬರೆಯಿರಿ. ತೋಟಕ್ಕೆ ಬೇಲಿ ಹಾಕುವಾಗ ಮೂಲೆಗೂಟಗಳನ್ನು ಮೊದಲು ನೆಡುತ್ತಾರಲ್ಲ, ಹಾಗೆ. ಇವನ್ನು ಗೂಟದ ಸಾಲು ಎನ್ನೋಣ. ಉಳಿದವಕ್ಕೆ ಗೂಟದಿಂದ ಹಿಂದಕ್ಕೂ ಮುಂದಕ್ಕೂ ನಡೆಯುತ್ತಾ ಪೆನ್ಸಿಲಿನಲ್ಲಿ ಬರೆಯಿರಿ.

ನಮ್ಮ ಎಂಟು ಸಾಲಿನಲ್ಲಿ ಗೂಟ ಎಲ್ಲೆಲ್ಲಿವೆ? ಒಂದನೆಯದು ಹೇಗೂ ಶಂಕರನದು. ಎಂಟನೆಯದು ಸಾವಿತ್ರಿಯದು, ಏಕೆಂದರೆ ಆ ಮನೆಯಲ್ಲಿ ಶಂಕರನನ್ನು ಅಣ್ಣ ಎನ್ನುವವಳು ಅವಳೊಬ್ಬಳೇ. ಎರಡನೆಯದು ಕೂಡ ಸಾವಿತ್ರಿಯದೇ. ಮೊದಲ ಸಾಲಿನ "ಮಾರಾಯ್ತಿ" ಯಾರಿಗೆ ಸಂದದ್ದು ನೋಡಿ. ಹೆಣ್ಣಿಗೆ ಹೇಳುವ ಮಾತು ಅದು, ಅಮ್ಮನಿಗೆ ಯಾರೂ ಹಾಗೆ ಹೇಳುವುದಿಲ್ಲ. ಉಳಿದದ್ದು ತಂಗಿ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಆಡುವವರ ಗುರುತಿಗಿಂತ ಕೇಳುವವರ ಗುರುತು ಮಾತಿನಲ್ಲಿ ಹೆಚ್ಚು ಇರುತ್ತದೆ. "ಹೋಗಿದ್ದೆ", "ತರುತ್ತೇನೆ" ಎಂದರೆ ಹೇಳಿದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಹಿಂದಿಯಲ್ಲಾದರೆ ಕ್ರಿಯಾಪದವೇ ಅದನ್ನು ಹೇಳಿಬಿಡುತ್ತದೆ. ಆದರೆ "ಬಂದೆಯೇನೋ", "ಕೇಳೇ", "ಹೌದು ಕಣ್ರೀ" ಎಂದ ಕೂಡಲೇ ಎದುರಿಗಿರುವವರು ಗಂಡೋ, ಹೆಣ್ಣೋ, ಸಲಿಗೆಯವರೋ, ಮರ್ಯಾದೆ ಕೊಡಬೇಕಾದವರೋ ಎಂಬುದು ಗೊತ್ತಾಗುತ್ತದೆ. ಹಾಗಾಗಿ "ಇದನ್ನು ಯಾರು ಹೇಳಿದರು" ಎಂದು ನೇರವಾಗಿ ಕೇಳುವುದಕ್ಕಿಂತ "ಇದನ್ನು ಯಾರಿಗೆ ಹೇಳಿದರು" ಎಂದು ಕೇಳಿದರೆ ಬೇಗ ದಾರಿ ಸಿಗುತ್ತದೆ. ಯಾರಿಗೆ ಹೇಳಿದ್ದು ಎಂದು ಗೊತ್ತಾದರೆ ಆ ಸಾಲಿಗೆ ಅವರ ಹೆಸರು ಬರೆಯುವಂತಿಲ್ಲ ಎಂಬುದಂತೂ ಖಚಿತ, ಮುಂದಿನ ಸಾಲು ಅವರದ್ದಾಗುವ ಸಂಭವ ಹೆಚ್ಚು.

ಎಲ್ಲ ಗುರುತೂ ಸಮ ಗಟ್ಟಿ ಅಲ್ಲ. ನಮ್ಮ ಕಡೆ "ಮಾರಾಯ್ತಿ" ಹೆಣ್ಣಿಗೇ, ಆದರೆ "ಮಾರಾಯ" ಎಂಬುದು ಯಾರಿಗೆ ಬೇಕಾದರೂ ಬಾಯಿತಪ್ಪಿ ಬರುತ್ತದೆ, ಎದುರಿಗೆ ಯಾರೂ ಇಲ್ಲದಿದ್ದರೂ ಬರುತ್ತದೆ. ಅದನ್ನು ಗೂಟ ಮಾಡಿಕೊಳ್ಳಬೇಡಿ. ಸಂಬಂಧದ ಹೆಸರುಗಳೂ ಹಾಗೇ. "ಅಣ್ಣ" ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತ್ರ ಹೋಗುತ್ತದೆ, ಹಿಂದಿರುಗಿ ಬರುವುದಿಲ್ಲ. "ಭಾವ" ಹಾಗಲ್ಲ. ಹವ್ಯಕರ ಮನೆಯ ಜಗಲಿಯಲ್ಲಿ ಇಬ್ಬರು ಕೂತು ಒಬ್ಬರನ್ನೊಬ್ಬರು ಭಾವ, ಭಾವ ಎನ್ನುತ್ತಲೇ ಒಂದು ಪುಟ ಮುಗಿಸಬಲ್ಲರು. ಅಲ್ಲಿ ಆ ಶಬ್ದದಿಂದ ಏನೂ ಇತ್ಯರ್ಥವಾಗದು.

ಈಗ ನಾಲ್ಕನೆಯ ಸಾಲಿಗೆ ಬನ್ನಿ. ಎರಡನೆಯ ಸಾಲಿನಲ್ಲಿ ಸಾವಿತ್ರಿ "ಬಂದಿದ್ದನಂತೆ" ಅಂದಿದ್ದಾಳೆ. ಆ "ಅಂತೆ" ಬಂತೆಂದರೆ ಅವಳು ಕಂಡದ್ದಲ್ಲ, ಯಾರೋ ಹೇಳಿದ್ದು. ಪೇಟೆಗೆ ಹೋಗಿದ್ದೆ ಅಂತ ಕಾರಣವನ್ನೂ ಕೊಟ್ಟಿದ್ದಾಳೆ. ನಾಲ್ಕನೆಯ ಸಾಲಿನಲ್ಲಿ ಒಂದೂ "ಅಂತೆ" ಇಲ್ಲ. "ಬಿಚ್ಚಿ ನೋಡಿದ, ಕಟ್ಟಿಟ್ಟ, ಹೋದ." ಕಣ್ಣಾರೆ ಕಂಡವರ ವರದಿ ಅದು. ಶಂಕರನಿಗೆ ಅವನು ಬಂದದ್ದೇ ಗೊತ್ತಿರಲಿಲ್ಲ, ಸಾವಿತ್ರಿ ಮನೆಯಲ್ಲಿರಲಿಲ್ಲ. ಹಾಗಾದರೆ ಇದು ಒಳಗಿನಿಂದ ಅಮ್ಮ ಹೇಳಿದ್ದು. ಲೇಖಕರು "ಅಮ್ಮ ಒಳಗಿನಿಂದಲೇ ಹೇಳಿದಳು" ಎಂದು ಬರೆದಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬರೀ "ಸುಣ್ಣ ಇಲ್ಲ ಅಂತ ಹೋದ" ಎಂದಿದ್ದರೆ ಇಷ್ಟು ಧೈರ್ಯದಿಂದ ಹೇಳುವಂತಿರಲಿಲ್ಲ. ಕೇಳಿ ತಿಳಿದದ್ದನ್ನೂ ಜನ "ಅಂತೆ" ಬಿಟ್ಟು ಹೇಳುವುದುಂಟು. ಚೀಲ ಬಿಚ್ಚಿದ್ದು, ಕಟ್ಟಿಟ್ಟದ್ದು ಎಂಬ ಸಣ್ಣ ವಿವರದಿಂದ ಸಾಕ್ಷಿಗೆ ಬಲ ಬಂತು.

ಐದನೆಯ ಸಾಲು: "ಬರುವಾಗ ತರುತ್ತಿದ್ದೆ." ಎಲ್ಲಿಂದ ಬರುವಾಗ? ಪೇಟೆಯಿಂದ. ಪೇಟೆಗೆ ಹೋದವಳು ಸಾವಿತ್ರಿ. ಆರನೆಯದು "ನೀನು ಹೊರಟ ಮೇಲೆ" ಎನ್ನುತ್ತದೆ, ಅಂದರೆ ಸಾವಿತ್ರಿಗೆ ಹೇಳಿದ್ದು. ಅವನು ಬಂದ ಹೊತ್ತು ಗೊತ್ತಿರುವುದು ಅಮ್ಮನಿಗೆ ಮಾತ್ರ. ಏಳನೆಯದು ಎಂಟಕ್ಕೆ ತಗಲಿಕೊಂಡಿದೆ: "ಎಷ್ಟು ಬೇಕು" ಎಂದು ಕೇಳಿದವನಿಗೇ "ಗೊತ್ತಿಲ್ಲವಾ ಅಣ್ಣ" ಎಂಬ ಉತ್ತರ. ಆದ್ದರಿಂದ ಅದು ಶಂಕರ. ನಾಲ್ಕು, ಐದು, ಆರು ತಾಯಿ ಮಗಳ ನಡುವೆ ಆಗಿಹೋದವು. ಮೂರು ಸಾಲು ಹೊತ್ತು ಶಂಕರ ಬಾಯಿ ಬಿಟ್ಟಿಲ್ಲ, ಏಳರಲ್ಲಿ "ಆಯಿತು" ಎಂದು ಜಗಳ ಮುಗಿಸಿದ್ದಾನೆ. ಒಂದು ಬಿಟ್ಟು ಒಂದು ಎಣಿಸಿದ್ದರೆ ಆ "ಆಯಿತು" ಎಂಬ ಮಾತಿನ ಸ್ವಾರಸ್ಯವೇ ಹೋಗುತ್ತಿತ್ತು.

ಈಗ ಸಮ ಬೆಸದ ಲೆಕ್ಕಕ್ಕೆ ಬೆಲೆ ಎಷ್ಟು? ಅದು ಒಂದೇ ಕಡೆಗೆ ಕೆಲಸ ಮಾಡುವ ಪರೀಕ್ಷೆ. ಇಬ್ಬರೇ ಇದ್ದಾರೆ ಎಂದುಕೊಂಡು ಎಣಿಸಿದಾಗ ಸಾವಿತ್ರಿಯ ಗೂಟ ಬೆಸ ಸಂಖ್ಯೆಗೆ ಬಿದ್ದರೆ ನಡುವೆ ಎಲ್ಲೋ ಸರಣಿ ಮುರಿದಿದೆ ಎಂಬುದು ಖಂಡಿತ. ಸರಿಯಾದ ಸಂಖ್ಯೆಗೆ ಬಿದ್ದರೆ ಮುರಿದಿಲ್ಲ ಎಂದು ಅರ್ಥವಲ್ಲ. ಎರಡು ಕಡೆ ಮುರಿದು ಒಂದಕ್ಕೊಂದು ವಜಾ ಆಗಿರಬಹುದು, ಅಥವಾ ನಮ್ಮಲ್ಲಿ ಆದಂತೆ ಮೂರನೆಯವರು ನುಸುಳಿಯೂ ಕೊನೆ ಸರಿಹೋಗಿರಬಹುದು. ಆದುದರಿಂದ ಗೂಟಗಳ ನಡುವೆ ದೂರ ಹೆಚ್ಚಿದ್ದಷ್ಟೂ ಎಣಿಕೆಯನ್ನು ಕಡಿಮೆ ನಂಬಿ. ನಾಲ್ಕೈದು ಸಾಲಿಗೊಂದು ಗೂಟ ಸಿಕ್ಕರೆ ಆರಾಮ.

ಸರಣಿ ಮುರಿಯಲು ಮೂರನೆಯವರೇ ಬೇಕೆಂದಿಲ್ಲ. ಒಬ್ಬರೇ ಎರಡು ಪ್ಯಾರಾ ಮಾತಾಡಬಹುದು. ಅಂಥ ಕಡೆ ಮೊದಲ ಪ್ಯಾರಾದ ಕೊನೆಗೆ ಉದ್ಧರಣ ಚಿಹ್ನೆ ಮುಚ್ಚದೆ, ಎರಡನೆಯ ಪ್ಯಾರಾಕ್ಕೆ ಹೊಸದಾಗಿ ತೆರೆಯುವುದು ಮುದ್ರಣದ ಒಂದು ಪದ್ಧತಿ. ಮುಚ್ಚದ ಚಿಹ್ನೆ ಕಂಡರೆ ಅಚ್ಚಿನ ತಪ್ಪು ಎಂದು ತಿದ್ದುವ ಮೊದಲು ಮುಂದಿನ ಪ್ಯಾರಾ ಅದೇ ಬಾಯಿಯದ್ದೋ ನೋಡಿ. ಇನ್ನು ಉತ್ತರವೇ ಕೊಡದೆ ಸುಮ್ಮನಿದ್ದವರ ಪಾಳಿಯೂ ಒಂದು ಪಾಳಿ. ಒಂದು ಪ್ರಶ್ನೆಯ ಹಿಂದೆಯೇ ಅದೇ ಪ್ರಶ್ನೆ ಸ್ವಲ್ಪ ಗಟ್ಟಿಯಾಗಿ ಬಂದರೆ ಹೆಚ್ಚಾಗಿ ಎರಡೂ ಒಬ್ಬರದ್ದೇ.

ಗಡಿನಾಡಿನ ಓದುಗರಿಗೆ ಇನ್ನೊಂದು ತೊಡಕು ಇದೆ, ಅನುವಾದಕ್ಕೆ ಸಂಬಂಧಿಸಿದ್ದು. ತುಳುವಿನಲ್ಲಿ "ನಮ" ಬೇರೆ, "ಎಂಕುಲು" ಬೇರೆ. ಮಲಯಾಳದಲ್ಲಿ "ನಮ್ಮಳ್" ಬೇರೆ, "ಞಙ್ಙಳ್" ಬೇರೆ. ಮೊದಲನೆಯದರಲ್ಲಿ ಕೇಳುವವರೂ ಸೇರಿದ್ದಾರೆ, ಎರಡನೆಯದರಲ್ಲಿ ಸೇರಿಲ್ಲ. ಪುಸ್ತಕದ ಕನ್ನಡದಲ್ಲಿ ಎರಡಕ್ಕೂ "ನಾವು" ಒಂದೇ. ಜಗಳದ ಒಂದು ದೃಶ್ಯದಲ್ಲಿ "ಞಙ್ಙಳ್" ಎಂದದ್ದರಿಂದಲೇ ಮಾತು ಯಾವ ಪಕ್ಷದ್ದು ಎಂದು ಮೂಲದಲ್ಲಿ ತಿಳಿಯುತ್ತಿದ್ದರೆ, ಕನ್ನಡಕ್ಕೆ ಬಂದಾಗ ಆ ಗೂಟ ಕಿತ್ತುಹೋಗಿರುತ್ತದೆ. ಅನುವಾದಿತ ಕೃತಿಯಲ್ಲಿ ಮಾತು ಯಾರದ್ದೆಂದು ಗೊಂದಲವಾದರೆ, ಮೂಲ ಓದಬಲ್ಲವರು ಅಲ್ಲಿನ "ನಾವು" ಯಾವುದು ಎಂದು ನೋಡಿ. ಅನುವಾದಿಸುವವರು ಅಂಥಲ್ಲಿ ಒಂದು ಸಂಬೋಧನೆ ಸೇರಿಸಿದರೆ ತಪ್ಪಲ್ಲ, ಕಳೆದದ್ದನ್ನು ಬೇರೆ ರೀತಿಯಲ್ಲಿ ಮರಳಿಸಿದ್ದು ಅಷ್ಟೆ.

ಮೂರನೆಯ ಸಾಲನ್ನು ಬೇಕೆಂದೇ ಉಳಿಸಿದ್ದೆ. "ಬಂದವ ಮತ್ತೆ ಯಾಕೆ ತಿರುಗಿ ಹೋದ?" ಪಾಳಿಯ ಪ್ರಕಾರ ಶಂಕರ. ಆದರೆ ಪೇಟೆಗೆ ಹೋಗಿದ್ದ ಸಾವಿತ್ರಿಯೇ ಒಳಕ್ಕೆ ತಿರುಗಿ ಅಮ್ಮನನ್ನು ಕೇಳಿರಲೂಬಹುದು, ಉತ್ತರ ಬಂದದ್ದು ಅಮ್ಮನಿಂದಲೇ ತಾನೇ. ಇದನ್ನು ಒಡೆಯುವ ಗುರುತು ಆ ಸಾಲಿನಲ್ಲಿ ಇಲ್ಲ. ಇದಕ್ಕೆ ಪೆನ್ಸಿಲಿನಲ್ಲೇ ಶಂಕರ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿ. ನಾಟಕವಾದರೆ ಶಂಕರನಿಗೇ ಕೊಡಿ, ಎದುರಿಗಿದ್ದವನು ಅವನು. ಒಬ್ಬರೇ ಓದಿ ಧ್ವನಿಮುದ್ರಿಸುವುದಾದರೆ ಆ ಒಂದು ಸಾಲಿಗೆ ಅಣ್ಣನ ಗಡಸೂ ಬೇಡ, ತಂಗಿಯ ಎಳೆದನಿಯೂ ಬೇಡ, ಕಥೆ ಹೇಳುವ ನಿಮ್ಮದೇ ಧ್ವನಿಯಲ್ಲಿ ಓದಿ ಮುಂದೆ ಹೋಗಿ.

ನಮಸ್ಕಾರ.