ಹೊಸ ಫೋನಿನಲ್ಲಿ ವಾಟ್ಸಾಪ್ ಪಿನ್ ಕೇಳ್ತಿದೆಯಾ? ಓಟಿಪಿ ಹಾಕುವ ಮೊದಲು ಇದನ್ನು ನೋಡಿ

[ತೆರೆಯ ಮೇಲೆ: ಹೊಸ ಫೋನು, ಆರು ಖಾಲಿ ಚುಕ್ಕಿಗಳ ಪಿನ್ ಪರದೆ]

ನಮಸ್ಕಾರ. ಈ ಪರದೆ ಕಂಡಾಗ ಜಾಸ್ತಿ ಜನ ಮಾಡುವ ಮೊದಲ ಕೆಲಸ ಏನು ಗೊತ್ತಾ? ಎಸ್ಸೆಮ್ಮೆಸ್‌ನಲ್ಲಿ ಬಂದ ಓಟಿಪಿಯನ್ನೇ ಮತ್ತೊಮ್ಮೆ ಒತ್ತುತ್ತಾರೆ. ಅದೂ ಆರು ಅಂಕಿ, ಇದೂ ಆರು ಅಂಕಿ. ತಪ್ಪು ಅಂತ ಬರುತ್ತದೆ. ಆಮೇಲೆ ಯುಪಿಐ ಪಿನ್, ಫೋನಿನ ಲಾಕ್, ಹುಟ್ಟಿದ ತಾರೀಕು, ಎಲ್ಲವನ್ನೂ ಒತ್ತಿ ನೋಡುತ್ತಾರೆ. ಸ್ವಲ್ಪ ಹೊತ್ತಿಗೆ "ತುಂಬಾ ಸಲ ಪ್ರಯತ್ನಿಸಿದ್ದೀರಿ, ಕಾಯಿರಿ" ಅಂತ ವಾಟ್ಸಾಪ್ ಬಾಗಿಲು ಹಾಕಿಕೊಳ್ಳುತ್ತದೆ.

ಇಲ್ಲಿ ಕೇಳುತ್ತಿರುವುದು ಓಟಿಪಿ ಅಲ್ಲ. ಯಾವತ್ತೋ ಒಂದು ದಿನ ನೀವೇ, ಅಥವಾ ನಿಮ್ಮ ಮಗನೋ ಮಗಳೋ, ನಿಮ್ಮ ಖಾತೆಗೆ ಹಾಕಿಟ್ಟ ಪಿನ್. ಇದಕ್ಕೆ ಟು-ಸ್ಟೆಪ್ ವೆರಿಫಿಕೇಶನ್ ಅಂತಾರೆ. 2017ರಲ್ಲಿ ಇದು ಎಲ್ಲರ ವಾಟ್ಸಾಪ್‌ಗೂ ಬಂತು. ಬೇಕಾದವರು ಹಾಕಿಕೊಳ್ಳಬಹುದು, ಕಡ್ಡಾಯವಲ್ಲ.

[ತೆರೆಯ ಮೇಲೆ: ನಂಬರ್ → ಓಟಿಪಿ → ಪಿನ್ → ಬ್ಯಾಕಪ್ ರಿಸ್ಟೋರ್]

ಈ ಸಾಲನ್ನು ಒಮ್ಮೆ ಸರಿಯಾಗಿ ನೋಡಿ. ಮೊದಲು ನಂಬರ್. ಆಮೇಲೆ ಓಟಿಪಿ. ಆಮೇಲೆ ಪಿನ್. ಹಳೆಯ ಚಾಟ್ ವಾಪಸ್ ತರುವ ಪರದೆ ಬರುವುದು ಇದೆಲ್ಲ ಮುಗಿದ ಮೇಲೆ. ಅಂದರೆ ನಿಮ್ಮ ಚಾಟ್ ಗೂಗಲ್ ಖಾತೆಯಲ್ಲೋ ಐಕ್ಲೌಡ್‌ನಲ್ಲೋ ಕ್ಷೇಮವಾಗಿ ಇರಬಹುದು, ಆದರೆ ಪಿನ್ ದಾಟದೆ ರಿಸ್ಟೋರ್ ಬಟನ್ನೇ ಕಾಣುವುದಿಲ್ಲ. "ನನ್ನ ಮೆಸೇಜ್ ಎಲ್ಲ ಹೋಯ್ತು" ಅಂತ ಗಾಬರಿಯಾಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೋಗಿಲ್ಲ. ಅಲ್ಲಿಗೆ ತಲುಪೋಕೆ ಆಗ್ತಿಲ್ಲ, ಅಷ್ಟೆ.

ಸರಿ, ಒಂದು ಉದಾಹರಣೆ ತಗೊಳ್ಳೋಣ. ಹಾಸನದಲ್ಲಿರುವ ನಿಮ್ಮ ಅತ್ತೆಯವರು ಹೊಸ ಆಂಡ್ರಾಯ್ಡ್ ಫೋನ್ ತಗೊಂಡಿದ್ದಾರೆ ಅಂತಿಟ್ಟುಕೊಳ್ಳಿ. ಹಳೆಯ ಫೋನ್ ಇನ್ನೂ ಕೈಯಲ್ಲೇ ಇದೆ, ಅದರಲ್ಲಿ ವಾಟ್ಸಾಪ್ ಓಡುತ್ತಿದೆ. ಸಿಮ್ ತೆಗೆದು ಹೊಸದಕ್ಕೆ ಹಾಕಿದ್ದಾರೆ. ಹೊಸದರಲ್ಲಿ ನಂಬರ್ ಹಾಕಿದರು, ಓಟಿಪಿ ಬಂತು. ಈಗ ನಿಮಗೆ ಫೋನ್ ಮಾಡಿ, "ಹಾಕ್ಲಾ?" ಅಂತ ಕೇಳುತ್ತಿದ್ದಾರೆ.

"ಅತ್ತೆ, ಒಂದು ನಿಮಿಷ ನಿಲ್ಲಿ" ಅನ್ನಿ.

ಯಾಕೆ? ಓಟಿಪಿ ಸರಿಯಾಗಿ ಒತ್ತಿದ ಕೂಡಲೇ ಹಳೆಯ ಫೋನಿನಲ್ಲಿ ವಾಟ್ಸಾಪ್ ಲಾಗೌಟ್ ಆಗುತ್ತದೆ. ಪಿನ್ ಹಾಕಿದ ಮೇಲಲ್ಲ, ಓಟಿಪಿ ಹಾಕಿದಾಗಲೇ. ಪಿನ್ ನೆನಪಿಲ್ಲದಿದ್ದರೆ ಹೊಸ ಫೋನಿಗೂ ಪ್ರವೇಶವಿಲ್ಲ, ಹಳೆಯದೂ ಕೈಬಿಟ್ಟಿತು. ವಾಪಸ್ ಹಳೆಯದಕ್ಕೇ ಹೋಗ್ತೀನಿ ಅಂದರೆ ಅಲ್ಲೂ ಅದೇ ಓಟಿಪಿ, ಅದೇ ಪಿನ್. ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಇದನ್ನು ತಪ್ಪಿಸೋಕೆ ಒಂದೇ ನಿಮಿಷ ಸಾಕಾಗಿತ್ತು.

[ತೆರೆಯ ಮೇಲೆ: ಹಳೆಯ ಫೋನು. Settings → Account → Two-step verification]

ಅತ್ತೆಯವರ ಹಳೆಯ ಫೋನಿಗೆ ಇಂಟರ್ನೆಟ್ ಬೇಕು. ಸಿಮ್ ಇಲ್ಲದಿದ್ದರೂ ಪರವಾಗಿಲ್ಲ, ಮನೆಯ ವೈಫೈ ಅಥವಾ ಇನ್ನೊಂದು ಫೋನಿನ ಹಾಟ್‌ಸ್ಪಾಟ್ ಸಾಕು. ವಾಟ್ಸಾಪ್ ತೆರೆದು Settings, ಅದರಲ್ಲಿ Account, ಅದರಲ್ಲಿ Two-step verification ಒತ್ತಿ. ಪಿನ್ ಇದ್ದರೆ ಇಲ್ಲಿ Turn off ಮತ್ತು Change PIN ಅಂತ ಕಾಣುತ್ತದೆ. ಹಳೆಯ ಪಿನ್ ಮರೆತಿದ್ದರೂ ಇಲ್ಲಿಂದ ಹೊಸ ಪಿನ್ ಇಡಬಹುದು, ಏಕೆಂದರೆ ಖಾತೆಯೊಳಗೆ ನೀವು ಈಗಾಗಲೇ ಇದ್ದೀರಿ. ಹೊಸ ಪಿನ್ ಇಟ್ಟು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅದೇ ಪರದೆಯಲ್ಲಿ ಇಮೇಲ್ ವಿಳಾಸವನ್ನೂ ನೋಡಿಕೊಳ್ಳಿ.

ಇನ್ನೊಂದು ಕೆಲಸ ಬಾಕಿ ಇದೆ. Settings, Chats, Chat backup ಗೆ ಹೋಗಿ Back up ಒತ್ತಿ. ಯಾವ ಗೂಗಲ್ ಖಾತೆಗೆ ಬ್ಯಾಕಪ್ ಹೋಗುತ್ತಿದೆ ಅಂತ ಅಲ್ಲೇ ಬರೆದಿರುತ್ತದೆ. ಆ ಜಿಮೇಲ್ ಹೆಸರನ್ನು ಅದೇ ಚೀಟಿಯಲ್ಲಿ ಬರೆಯಿರಿ. ಬ್ಯಾಕಪ್ ಪೂರ್ತಿ ಮುಗಿದ ಮೇಲೆ ಹೊಸ ಫೋನ್ ಕೈಗೆತ್ತಿಕೊಂಡು ಓಟಿಪಿ ಹಾಕಿ. ಅಷ್ಟರಲ್ಲಿ ಹಳೆಯ ಓಟಿಪಿಯ ಅವಧಿ ಮುಗಿದಿದ್ದರೆ ಇನ್ನೊಂದು ತರಿಸಿಕೊಂಡರಾಯಿತು.

[ತೆರೆಯ ಮೇಲೆ: "ಓಟಿಪಿ ಆಗಲೇ ಹಾಕಿಬಿಟ್ಟೆ!"]

ಈಗ ಕಷ್ಟದ ಭಾಗ. ಓಟಿಪಿ ಹಾಕಿ ಆಗಿದೆ, ಅಥವಾ ಹಳೆಯ ಫೋನ್ ಬಸ್ಸಿನಲ್ಲಿ ಕಳೆದುಹೋಗಿದೆ. ಪಿನ್ ಪರದೆಯಲ್ಲಿ Forgot PIN? ಒತ್ತಿ. ಪಿನ್ ಇಡುವಾಗ ಇಮೇಲ್ ಕೊಟ್ಟಿದ್ದರೆ ಆ ವಿಳಾಸಕ್ಕೆ ಒಂದು ಲಿಂಕ್ ಕಳಿಸುವ ಆಯ್ಕೆ ಬರುತ್ತದೆ. ಆ ಮೇಲ್ ತೆರೆದು, ಲಿಂಕ್ ಒತ್ತಿ, ಒಪ್ಪಿಗೆ ಕೊಟ್ಟರೆ ಪಿನ್ ಅಡ್ಡಿ ಹೋಗುತ್ತದೆ. ಇನ್‌ಬಾಕ್ಸ್‌ನಲ್ಲಿ ಕಾಣದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ. ಪಿನ್ ಇಟ್ಟ ದಿನ ವಿಳಾಸದಲ್ಲಿ ಒಂದು ಅಕ್ಷರ ತಪ್ಪಾಗಿದ್ದರೂ ಮೇಲ್ ನಿಮಗೆ ಬರುವುದಿಲ್ಲ. ಆಗ ಇಮೇಲ್ ಇಲ್ಲದವರ ದಾರಿಯೇ ನಿಮ್ಮದೂ.

ಇಮೇಲ್ ಇಲ್ಲದವರು ಏಳು ದಿನ ಕಾಯಬೇಕು. ಬೇರೆ ದಾರಿ ಇಲ್ಲ.

ಸಿಮ್ ನನ್ನದು, ಓಟಿಪಿ ನನಗೇ ಬಂದಿದೆ, ಆದರೂ ಯಾಕೆ ಕಾಯಬೇಕು ಅಂತ ಸಿಟ್ಟು ಬರುವುದು ಸಹಜ. ಆದರೆ ಈ ಪಿನ್ ಇರುವುದೇ ಆ ಕಾರಣಕ್ಕೆ. ಯಾರೋ ನಿಮ್ಮ ಹೆಸರಿನಲ್ಲಿ ಡೂಪ್ಲಿಕೇಟ್ ಸಿಮ್ ತೆಗೆಸಿದರು, ಅಥವಾ ಮಾತಿನಲ್ಲಿ ಮರುಳು ಮಾಡಿ ನಿಮ್ಮಿಂದ ಓಟಿಪಿ ಕೇಳಿ ತಗೊಂಡರು ಅಂತಿಟ್ಟುಕೊಳ್ಳಿ. ಆಗ ಓಟಿಪಿ ಅವರ ಕೈಯಲ್ಲೂ ಇರುತ್ತದೆ. ನಂಬರ್ ಸಿಕ್ಕ ಮಾತ್ರಕ್ಕೆ ಖಾತೆ ಸಿಗಬಾರದು ಅಂತ ಪಿನ್ ತಡೆಯುತ್ತದೆ. ಆ ಏಳು ದಿನ ನಿಜವಾದ ಮಾಲೀಕರು ಎಚ್ಚೆತ್ತು ಸಿಮ್ ವಾಪಸ್ ಪಡೆಯಲು ಸಿಗುವ ಸಮಯ. ಪರದೆಯ ಮುಂದೆ ಕೂತಿರುವುದು ನೀವೋ ಕಳ್ಳನೋ ಅಂತ ವಾಟ್ಸಾಪ್‌ಗೆ ಗೊತ್ತಾಗುವುದಿಲ್ಲ ಅಲ್ವಾ?

ಕೆಲವರು "ನಾನು ಪಿನ್ ಇಟ್ಟೇ ಇಲ್ಲ" ಅಂತಾರೆ. ಅದೂ ನಿಜ ಇರಬಹುದು. ನಿಮ್ಮ ಖಾತೆಯನ್ನು ಯಾರಾದರೂ ಕದ್ದಿದ್ದರೆ, ನೀವು ವಾಪಸ್ ಬರದಂತೆ ಅವರೇ ಪಿನ್ ಇಟ್ಟಿರುತ್ತಾರೆ. ಆಗಲೂ ನೀವು ಓಟಿಪಿ ಹಾಕಿಬಿಡಿ. ಪಿನ್ ಗೊತ್ತಿಲ್ಲದಿದ್ದರೂ ಕಳ್ಳ ಆ ಕ್ಷಣವೇ ಹೊರಬೀಳುತ್ತಾನೆ. ಅತ್ತೆಯವರಿಗೆ ಕೈಕೊಡುವ ನಿಯಮವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಆಮೇಲೆ ಏಳು ದಿನ ಕಾಯಿರಿ, ಬಂಧುಬಳಗಕ್ಕೆ ಫೋನ್ ಮಾಡಿ ವಿಷಯ ತಿಳಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಹೊಸದಾಗಿ ತಗೊಂಡ ನಂಬರ್ ಹಿಂದೆ ಬೇರೆಯವರ ಹತ್ತಿರ ಇದ್ದಿದ್ದರೂ ಹೀಗೆ ಪಿನ್ ಕೇಳಬಹುದು, ಅದು ಅವರು ಇಟ್ಟ ಪಿನ್.

[ತೆರೆಯ ಮೇಲೆ: ಕಾಯುವ ಏಳು ದಿನ]

ಕಾಯುವಾಗ ಏನು ಮಾಡಬೇಕು? ಊಹೆ ಮಾಡಿ ಪಿನ್ ಒತ್ತುತ್ತಾ ಕೂರಬೇಡಿ. "ವಾಟ್ಸಾಪ್ ಕಸ್ಟಮರ್ ಕೇರ್" ಅಂತ ಇಂಟರ್ನೆಟ್‌ನಲ್ಲಿ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ. ಪಿನ್ ತೆಗೆದುಕೊಡ್ತೀವಿ ಅಂತ ದುಡ್ಡು ಕೇಳುವವರು ಸಿಗುತ್ತಾರೆ, ಸ್ಕ್ರೀನ್ ಶೇರ್ ಮಾಡಿ ಅನ್ನುವವರೂ ಸಿಗುತ್ತಾರೆ. ಇದು ಯಾವ ಅಂಗಡಿಯವರ ಕೈಯಲ್ಲೂ ಆಗುವ ಕೆಲಸ ಅಲ್ಲ.

ಹಳೆಯ ಫೋನ್ ಇದ್ದರೆ ಅದರಿಂದ ವಾಟ್ಸಾಪ್ ಅಳಿಸಬೇಡಿ, ಫೋನನ್ನು ರಿಸೆಟ್ ಮಾಡಬೇಡಿ. ಲಾಗೌಟ್ ಆಗಿದ್ದರೂ ಆಂಡ್ರಾಯ್ಡ್ ಫೋನಿನೊಳಗೆ ಒಂದು ಸ್ಥಳೀಯ ಬ್ಯಾಕಪ್ ಇರುತ್ತದೆ. ಅದು ಇರುವ ಜಾಗ ಇದು:

```
Android/media/com.whatsapp/WhatsApp
```

ಈ ಫೋಲ್ಡರ್ ಪೂರ್ತಿ ನಕಲು ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ಫೋಟೋಗಳೂ ಇದರೊಳಗೇ ಇರುತ್ತವೆ. ಗೂಗಲ್ ಬ್ಯಾಕಪ್ ಕೈಕೊಟ್ಟರೆ ಇದು ಎರಡನೇ ದಾರಿ. ಆದರೆ ಇದರಲ್ಲಿರುವ ಚಾಟ್ ಫೈಲಿಗೆ ಬೀಗ ಹಾಕಿರುತ್ತಾರೆ. ನಿಮ್ಮ ನಂಬರಿನಲ್ಲಿ ಮತ್ತೆ ಲಾಗಿನ್ ಆಗುವ ತನಕ ಅದನ್ನು ಓದಲಾಗುವುದಿಲ್ಲ. ಹಾಗಾಗಿ ಪಿನ್ ತಪ್ಪಿಸುವ ಉಪಾಯ ಅಂತ ಇದನ್ನು ನೋಡಬೇಡಿ.

ಈ ವಾರದಲ್ಲಿ ನಿಮಗೆ ಬರುವ ಮೆಸೇಜ್ ಎಲ್ಲ ಆಮೇಲೆ ಸಿಕ್ಕೇ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಮುಖ್ಯವಾದ ಕೆಲಸವಿದ್ದವರಿಗೆ ಕರೆ ಮಾಡಿ ಹೇಳಿಬಿಡಿ.

[ತೆರೆಯ ಮೇಲೆ: ಎಂಟನೇ ದಿನ. ರಿಸ್ಟೋರ್ ಪರದೆ]

ಏಳು ದಿನ ಕಳೆಯಿತು. ಮತ್ತೆ ನಂಬರ್, ಓಟಿಪಿ, Forgot PIN?. ಈ ಸಲ ಪಿನ್ ರಿಸೆಟ್ ಮಾಡಲು ಬಿಡುತ್ತದೆ. ಆದರೆ ಅವಸರ ಮಾಡಬೇಡಿ. ಬೀಳುವವರು ಎರಡನೇ ಸಲ ಬೀಳುವುದು ಇಲ್ಲೇ. ರಿಸ್ಟೋರ್ ಆಯ್ಕೆ ಸಿಗುವುದು ಲಾಗಿನ್ ಆಗುವ ಹೊತ್ತಿನಲ್ಲಿ ಮಾತ್ರ. ಸುಮ್ನೆ Skip ಒತ್ತಿ ಒಳಗೆ ಹೋದರೆ ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಆ ಬಟನ್ ಇಲ್ಲ. ವಾಟ್ಸಾಪ್ ಅಳಿಸಿ, ಮತ್ತೆ ಹಾಕಿ, ಮೊದಲಿನಿಂದ ಬರಬೇಕು. ಹೊಸ ಬ್ಯಾಕಪ್ ಹಳೆಯದರ ಮೇಲೆ ಕೂರುವ ಮೊದಲೇ ಇದನ್ನು ಮಾಡಬೇಕು.

"ಬ್ಯಾಕಪ್ ಸಿಗಲಿಲ್ಲ" ಅಂತ ಬಂದರೆ ಮೊದಲು ಗೂಗಲ್ ಖಾತೆ ನೋಡಿ. ನಮ್ಮಲ್ಲಿ ಇದು ತುಂಬಾ ಆಗುತ್ತದೆ. ಅಂಗಡಿಯ ಹುಡುಗ ಫೋನ್ ಆನ್ ಮಾಡಿಕೊಡುವಾಗ ಹಳೆಯ ಜಿಮೇಲ್ ಪಾಸ್‌ವರ್ಡ್ ಗೊತ್ತಿಲ್ಲ ಅಂದರೆ ಹೊಸ ಜಿಮೇಲ್ ಮಾಡಿಕೊಟ್ಟಿರುತ್ತಾನೆ. ಚಾಟ್ ಇರುವುದು ಹಳೆಯ ಜಿಮೇಲ್‌ನಲ್ಲಿ. ಅದೇ ಖಾತೆಯನ್ನು ಹೊಸ ಫೋನಿಗೆ ಸೇರಿಸಿ, ಅದೇ ಮೊಬೈಲ್ ನಂಬರಿನಲ್ಲಿ ಲಾಗಿನ್ ಆಗಬೇಕು. ಎರಡರಲ್ಲಿ ಒಂದು ಬೇರೆಯಾದರೂ ಬ್ಯಾಕಪ್ ಕಾಣುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಕೆಲವರಿಗೆ ಇನ್ನೊಂದು ಪರದೆ ಬರುತ್ತದೆ. ಬ್ಯಾಕಪ್ ಪಾಸ್‌ವರ್ಡ್ ಹಾಕಿ, ಅಥವಾ 64 ಅಂಕಿ-ಅಕ್ಷರಗಳ ಕೀ ಹಾಕಿ ಅಂತ. ಇದಕ್ಕೂ ಆ ಆರಂಕಿ ಪಿನ್ನಿಗೂ ಸಂಬಂಧವಿಲ್ಲ. 2021ರಲ್ಲಿ ಬಂದ ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಆದ ಬ್ಯಾಕಪ್ ಅನ್ನು ಆನ್ ಮಾಡಿದ್ದವರಿಗೆ ಮಾತ್ರ ಇದು ಬರುತ್ತದೆ. ನನ್ನ ಮಟ್ಟಿಗೆ ಪಿನ್‌ಗಿಂತ ಜಾಸ್ತಿ ಹೆದರಬೇಕಾದ್ದು ಇದಕ್ಕೆ. ಪಿನ್ ಮರೆತರೆ ಒಂದು ವಾರ ಹೋಗುತ್ತದೆ. ಈ ಪಾಸ್‌ವರ್ಡ್ ಮರೆತು ಹಳೆಯ ಫೋನೂ ಇಲ್ಲದಿದ್ದರೆ ಆ ಬ್ಯಾಕಪ್ ಯಾವತ್ತಿಗೂ ತೆರೆಯುವುದಿಲ್ಲ. ವಾಟ್ಸಾಪ್‌ನವರ ಹತ್ತಿರವೂ ಅದರ ಕೀ ಇಲ್ಲ. ಏಳು ದಿನದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಊಹೆ ಮಾಡಿ ಮಾಡಿ ತಪ್ಪು ಒತ್ತಿದರೆ ಇರುವ ಅವಕಾಶವೂ ಮುಗಿದುಹೋಗುತ್ತದೆ.

ಹಳೆಯ ಫೋನಿನಲ್ಲಿ ವಾಟ್ಸಾಪ್ ಇನ್ನೂ ಲಾಗಿನ್ ಇದ್ದರೆ ಇದಕ್ಕೂ ಪರಿಹಾರ ಇದೆ. Settings, Chats, Chat backup, End-to-end encrypted backup ಗೆ ಹೋಗಿ. ಪಾಸ್‌ವರ್ಡ್ ಬದಲಿಸುವಲ್ಲಿ ಮರೆತಿದ್ದೇನೆ ಅನ್ನುವ ಆಯ್ಕೆ ಇದೆ. ಫೋನಿನ ಬೆರಳಚ್ಚು ಅಥವಾ ಲಾಕ್ ಕೊಟ್ಟರೆ ಹೊಸದು ಇಡಬಹುದು. ಹೊಸದು ಇಟ್ಟ ಮೇಲೆ ಮತ್ತೊಮ್ಮೆ ಬ್ಯಾಕಪ್ ಮಾಡಿ.

[ತೆರೆಯ ಮೇಲೆ: ಎಕ್ಸ್‌ಚೇಂಜ್ ಆಫರ್]

ಕೊನೆಯದಾಗಿ, ಎಕ್ಸ್‌ಚೇಂಜ್‌ನಲ್ಲಿ ಫೋನ್ ತಗೊಳ್ಳುವವರಿಗೆ. ಡೆಲಿವರಿಗೆ ಬಂದವರು ಹೊಸ ಡಬ್ಬ ಕೊಟ್ಟು, ಹಳೆಯ ಫೋನ್ ರಿಸೆಟ್ ಮಾಡಿಸಿಕೊಂಡು ಹೊರಟುಬಿಡುತ್ತಾರೆ. ಬಾಗಿಲಲ್ಲಿ ನಿಂತು ಪಿನ್ ಬದಲಿಸೋಕೆ, ಬ್ಯಾಕಪ್ ಮುಗಿಯೋಕೆ ಅಷ್ಟು ಹೊತ್ತು ಅವರು ಕಾಯುವುದಿಲ್ಲ. ಹಾಗಾಗಿ ಪಿನ್ ಬದಲಿಸುವುದು, ಇಮೇಲ್ ನೋಡುವುದು, ಬ್ಯಾಕಪ್ ಪಾಸ್‌ವರ್ಡ್ ಸರಿಮಾಡುವುದು, ಇವನ್ನು ಡೆಲಿವರಿಯ ಹಿಂದಿನ ರಾತ್ರಿಯೇ ಮುಗಿಸಿ. ಬ್ಯಾಕಪ್ ಮಾತ್ರ ಬೆಳಿಗ್ಗೆ ಇನ್ನೊಂದು ಸಲ ಒತ್ತಿ, ರಾತ್ರಿ ಬಂದ ಮೆಸೇಜ್‌ಗಳೂ ಸೇರಿಕೊಳ್ಳಲಿ.