ಬಂದ ದಾರಿಯಲ್ಲೇ ವಾಪಸ್ ಹೋಗದ ಬಿಸಿಲು

ಕೇಳುಗರೆಲ್ಲರಿಗೂ ನಮಸ್ಕಾರ.

ಧನುರ್ಮಾಸದ ಬೆಳಗಿನಲ್ಲಿ ಒಂದು ಸಂಗತಿ ನೀವೂ ನೋಡಿರುತ್ತೀರಿ. ರಾತ್ರಿ ಬಯಲಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಬೆಳಗ್ಗೆ ಇಬ್ಬನಿಯಿಂದ ತೊಯ್ದಿರುತ್ತದೆ. ಒರೆಸದೆ ಕೂರುವ ಹಾಗಿಲ್ಲ. ಅದೇ ಬೀದಿಯಲ್ಲಿ ಹೊಂಗೆ ಮರದ ಕೆಳಗೆ ನಿಲ್ಲಿಸಿದ ಸ್ಕೂಟರಿನ ಸೀಟು ಹೆಚ್ಚುಕಡಿಮೆ ಒಣಗಿಯೇ ಇರುತ್ತದೆ. ಇಬ್ಬನಿ ಮೇಲಿನಿಂದ ಬೀಳುತ್ತದೆ, ಮರ ಅದನ್ನು ತಡೆಯಿತು ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಇಬ್ಬನಿ ಬೀಳುವುದೇ ಇಲ್ಲ. ಅದು ಸೀಟಿನ ಮೇಲೇ ಹುಟ್ಟುತ್ತದೆ.

ಹೇಗೆ ಅಂದರೆ, ಬಯಲಲ್ಲಿರುವ ಸೀಟು ರಾತ್ರಿಯೆಲ್ಲ ತನ್ನ ಶಾಖವನ್ನು ಆಕಾಶದ ಕಡೆಗೆ ಬಿಡುತ್ತಿರುತ್ತದೆ. ಆ ಶಾಖ ಹೋಗುವುದು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ. ಹೀಗೆ ಬಿಟ್ಟು ಬಿಟ್ಟು ಸೀಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಗಾಳಿಯಲ್ಲಿನ ನೀರಾವಿ ಅದರ ಮೇಲೆ ಹನಿಗಟ್ಟುತ್ತದೆ. ಮರದ ಕೆಳಗಿನ ಸೀಟೂ ಶಾಖ ಬಿಡುತ್ತದೆ. ಆದರೆ ಮೇಲಿರುವ ಎಲೆಗಳೂ ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ಕೆಳಗೆ ವಾಪಸ್ ಕೊಡುತ್ತವೆ. ಮೋಡ ಮುಚ್ಚಿದ ರಾತ್ರಿ ಬಯಲಿನ ಸೀಟೂ ಅಷ್ಟಾಗಿ ಒದ್ದೆಯಾಗುವುದಿಲ್ಲ, ಗಮನಿಸಿ. ಎಲೆಗಳು ಮಾಡಿದ ಕೆಲಸವನ್ನೇ ಅಲ್ಲಿ ಮೋಡ ಮಾಡುತ್ತದೆ.

ಇನ್ನೂ ನಂಬಿಕೆ ಬಾರದಿದ್ದರೆ, ಮೆಕ್ಯಾನಿಕ್‌ಗಳು ಇಂಜಿನ್ನಿನ ಬಿಸಿ ನೋಡಲು ಬಳಸುವ, ದೂರದಿಂದಲೇ ಗುರಿಯಿಟ್ಟು ಅಳೆಯುವ ಥರ್ಮಾಮೀಟರ್ ಇದೆಯಲ್ಲ, ಅದನ್ನು ರಾತ್ರಿ ಆಕಾಶಕ್ಕೆ ಹಿಡಿಯಿರಿ. ತಿಳಿಯಾದ ಒಣ ರಾತ್ರಿಯಲ್ಲಿ ಅದು ಸೊನ್ನೆಗಿಂತ ಕೆಳಗಿನ ಅಂಕಿಯನ್ನೇ ತೋರಿಸಬಹುದು. ತಗ್ಗಿನ ದಟ್ಟ ಮೋಡಕ್ಕೆ ಹಿಡಿದರೆ ಅಂಕಿ ಥಟ್ಟನೆ ಮೇಲೇರುತ್ತದೆ. ಮೋಡದಿಂದ, ನೀರಾವಿಯಿಂದ ಶಾಖ ಕೆಳಗೆ ಬರುತ್ತಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಒಂದು ಮಾತು ಮಾತ್ರ ಹೇಳಿಬಿಡಬೇಕು. ಇಂಗಾಲದ ಡೈಆಕ್ಸೈಡ್ ಸೂಸುವ ಕಿರಣಗಳನ್ನು ಈ ಥರ್ಮಾಮೀಟರ್ ಓದುವುದಿಲ್ಲ. ನಡುವಿನ ಗಾಳಿ ಲೆಕ್ಕ ಕೆಡಿಸಬಾರದು ಅಂತ ಅದನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ. ಆ ಅನಿಲವನ್ನು ನೋಡಲು ಬೇರೆ ಉಪಕರಣವೇ ಬೇಕು.

ಹೋಗುವ ಶಾಖವನ್ನು ಹಿಡಿದು ಒಂದು ಪಾಲನ್ನು ನೆಲಕ್ಕೆ ವಾಪಸ್ ಕೊಡುವ ಈ ಕೆಲಸಕ್ಕೇ ಹಸಿರುಮನೆ ಪರಿಣಾಮ ಅನ್ನುತ್ತಾರೆ. ಸೂರ್ಯನ ಬೆಳಕು ಗಾಳಿಯನ್ನು ಸಲೀಸಾಗಿ ದಾಟಿ ನೆಲ ಮುಟ್ಟುತ್ತದೆ. ಕಾದ ನೆಲ ಅದನ್ನು ಅವಕೆಂಪು ಕಿರಣವಾಗಿ ವಾಪಸ್ ಕಳಿಸುತ್ತದೆ. ಬರುವಾಗ ಇದ್ದ ಸಲೀಸು ದಾರಿ ಹೋಗುವಾಗ ಇರುವುದಿಲ್ಲ.

ದಾರಿಗೆ ಅಡ್ಡ ನಿಲ್ಲುವವರು ಯಾರು? ಗಾಳಿಯಲ್ಲಿ ಶೇಕಡಾ 78 ಸಾರಜನಕ, 21 ಆಮ್ಲಜನಕ. ಇವೆರಡೂ ಅವಕೆಂಪು ಕಿರಣದ ಗೊಡವೆಗೇ ಹೋಗುವುದಿಲ್ಲ. ಎರಡು ಒಂದೇ ಥರದ ಪರಮಾಣು ಸೇರಿ ಆದ ಕಣಗಳು ಅವು. ಆ ಕಿರಣವನ್ನು ಹೀರುವ ಹಾಗೆ ಅಲುಗಾಡಲು ಅವಕ್ಕೆ ಬರುವುದಿಲ್ಲ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಇವುಗಳಿಗೆ ಬರುತ್ತದೆ. 1859ರಲ್ಲಿ ಜಾನ್ ಟಿಂಡಲ್ ಲಂಡನ್ನಿನಲ್ಲಿ ಒಂದು ಕೊಳವೆಯೊಳಗೆ ಒಂದೊಂದೇ ಅನಿಲ ತುಂಬಿಸಿ, ಶಾಖ ಹಾಯಿಸಿ ಇದನ್ನು ಅಳೆದು ತೋರಿಸಿದರು. ಅವರಿಗಿಂತ ಮೂರು ವರ್ಷ ಮೊದಲೇ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಹೆಚ್ಚು ಕಾಯುತ್ತದೆ, ತಡವಾಗಿ ಆರುತ್ತದೆ ಅಂತ ಗುರುತಿಸಿದ್ದರು. ಆಕೆಯ ಹೆಸರನ್ನು ಲೋಕ ಬಹಳ ಕಾಲ ಮರೆತೇಬಿಟ್ಟಿತ್ತು.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇಕಡಾ 0.04ರಷ್ಟು ಮಾತ್ರ. ಇಷ್ಟರಿಂದ ಏನಾದೀತು ಅಂತ ಕೇಳುವವರಿದ್ದಾರೆ. ಉಳಿದ 99 ಪಾಲಿಗೆ ಈ ಕೆಲಸವೇ ಗೊತ್ತಿಲ್ಲ ಅಂದಮೇಲೆ ಅದನ್ನು ಲೆಕ್ಕಕ್ಕೆ ಹಿಡಿದು ಏನು ಪ್ರಯೋಜನ?

ಈಗ ಈ ಅನಿಲಗಳು ಇಲ್ಲವೇ ಇಲ್ಲ ಅಂದುಕೊಳ್ಳೋಣ. ಭೂಮಿ ಸೂರ್ಯನಿಂದ ಹೀರುವ ಶಕ್ತಿಯ ಲೆಕ್ಕ ಹಾಕಿದರೆ, ನೆಲದ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರಬೇಕಿತ್ತು. ನಿಜವಾಗಿ ಇರುವುದು ಸೊನ್ನೆಗಿಂತ ಸುಮಾರು 15 ಡಿಗ್ರಿ ಮೇಲೆ. ನಡುವಿನ 33 ಡಿಗ್ರಿ ಈ ಅನಿಲಗಳ ಕೊಡುಗೆ. ಅದಿಲ್ಲದಿದ್ದರೆ ಕಾವೇರಿ ಹರಿಯುತ್ತಿರಲಿಲ್ಲ, ಹೆಪ್ಪುಗಟ್ಟಿ ನಿಂತಿರುತ್ತಿತ್ತು.

ಇದರಲ್ಲಿ ದೊಡ್ಡ ಪಾಲು ನೀರಾವಿಯದು, ನಿಜ. ಆದರೆ ನೀರಾವಿಗೆ ಸ್ವಂತ ಬಲವಿಲ್ಲ. ಗಾಳಿ ತಣ್ಣಗಾದರೆ ಅದು ಮಳೆಯಾಗಿ, ಹಿಮವಾಗಿ ಕೆಳಗಿಳಿದುಬಿಡುತ್ತದೆ. ಇಂಗಾಲದ ಡೈಆಕ್ಸೈಡ್ ನಮ್ಮ ಭೂಮಿಯ ಚಳಿಗೆ ಹಾಗೆ ಇಳಿಯುವುದಿಲ್ಲ. ಅದು ಮೇಲೆ ನಿಂತು ಗಾಳಿಯನ್ನು ಬೆಚ್ಚಗಿಟ್ಟಿರುವುದರಿಂದಲೇ ನೀರಾವಿಯೂ ಮೇಲೆ ಉಳಿದಿದೆ. ಅಂದರೆ ಬೇಕೇ ಬೇಕಾದ ಅನಿಲ ಇದು. ಇದನ್ನು ಬರೀ ವಿಷ, ಹೊಗೆ ಅಂತ ಮಕ್ಕಳಿಗೆ ಹೇಳಿಕೊಡುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಜಾಸ್ತಿಯಾದರೆ ಏನಾಗುತ್ತದೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಬಲ್ಲವರೂ ಎಡವುವ ಜಾಗ ಇದು. ಈಗಿರುವ ಇಂಗಾಲದ ಡೈಆಕ್ಸೈಡೇ ತನಗೆ ಸೇರಿದ ಕಿರಣಗಳನ್ನು ನೆಲದ ಹತ್ತಿರವೇ ಪೂರ್ತಿ ಹೀರಿಬಿಡುತ್ತದೆ, ಇನ್ನಷ್ಟು ಸೇರಿಸಿದರೆ ಹೀರಲು ಏನು ಉಳಿದಿದೆ ಅನ್ನುವ ಪ್ರಶ್ನೆ ನೂರು ವರ್ಷ ಹಳೆಯದು. ಪ್ರಶ್ನೆ ಒಳ್ಳೆಯದೇ. ಉತ್ತರ ಇರುವುದು ನೆಲದ ಹತ್ತಿರವಲ್ಲ, ಮೇಲೆ.

ಚಾಮುಂಡಿ ಬೆಟ್ಟವನ್ನೇ ತೆಗೆದುಕೊಳ್ಳಿ. ಊರಿಗಿಂತ ಸುಮಾರು 300 ಮೀಟರ್ ಎತ್ತರ. ಗಾಳಿ ಸರಾಸರಿ ಒಂದು ಕಿಲೋಮೀಟರಿಗೆ ಆರೂವರೆ ಡಿಗ್ರಿ ತಣ್ಣಗಾಗುತ್ತಾ ಹೋಗುತ್ತದೆ. ಹಾಗಾಗಿ ಬೆಟ್ಟದ ಮೇಲೆ ಕೆಳಗಿಗಿಂತ ಹತ್ತಿರ ಹತ್ತಿರ ಎರಡು ಡಿಗ್ರಿ ತಂಪು. ಇದೇ ಲೆಕ್ಕದಲ್ಲಿ ಇನ್ನೂ ಮೇಲೆ ಹೋಗಿ. ನೆಲದಿಂದ ಹೊರಟ ಶಾಖವನ್ನು ಅನಿಲಗಳು ಹೀರುತ್ತವೆ, ಸೂಸುತ್ತವೆ, ಮೇಲಿನ ಪದರ ಮತ್ತೆ ಹೀರುತ್ತದೆ. ಹೀಗೆ ಸಾಗಿ ಸಾಗಿ ಒಂದು ಎತ್ತರ ಸಿಗುತ್ತದೆ. ಅಲ್ಲಿಂದ ಮೇಲೆ ತಡೆಯುವಷ್ಟು ಅನಿಲ ಇಲ್ಲ. ಶಾಖ ನೇರ ಬಾಹ್ಯಾಕಾಶಕ್ಕೆ ಹೋಗುತ್ತದೆ. ಸರಾಸರಿ ನೋಡಿದರೆ ಈ ಎತ್ತರ ಸುಮಾರು 5 ಕಿಲೋಮೀಟರ್. ಐದು ಕಿಲೋಮೀಟರಿಗೆ ಆರೂವರೆಯಂತೆ ಇಳಿಸಿದರೆ 33 ಡಿಗ್ರಿಗೆ ಹತ್ತಿರ. ನೆಲದ 15ರಲ್ಲಿ 33 ಕಳೆದರೆ ಸೊನ್ನೆಗಿಂತ 18 ಕೆಳಗೆ. ಮೊದಲು ಹೇಳಿದ ಅಂಕಿಗಳೇ ಸಿಕ್ಕವು, ಅಲ್ವಾ?

ಈಗ ಇಂಗಾಲದ ಡೈಆಕ್ಸೈಡನ್ನು ಎರಡು ಪಟ್ಟು ಮಾಡಿ. ಮೊದಲು ತಡೆ ಇಲ್ಲದಿದ್ದ ಎತ್ತರದಲ್ಲೂ ಈಗ ತಡೆ ಇದೆ. ಹಾಗಾಗಿ ಶಾಖ ತಪ್ಪಿಸಿಕೊಳ್ಳುವ ಎತ್ತರ ಸುಮಾರು 150 ಮೀಟರ್ ಮೇಲೆ ಸರಿಯುತ್ತದೆ. ಚಾಮುಂಡಿ ಬೆಟ್ಟದ ಅರ್ಧದಷ್ಟು, ಅಷ್ಟೇ. ಆದರೆ ಅಲ್ಲಿ ಒಂದು ಡಿಗ್ರಿ ಹೆಚ್ಚು ತಂಪು. ತಂಪಾದ ಜಾಗದಿಂದ ಶಾಖ ಕಡಿಮೆ ಹೊರಡುತ್ತದೆ. ಸೂರ್ಯನಿಂದ ಬರುವುದು ಮೊದಲಿನಷ್ಟೇ, ಹೋಗುವುದು ಕಡಿಮೆ. ಉಳಿದದ್ದು ಕೆಳಗೆ ಸೇರುತ್ತಾ ಹೋಗುತ್ತದೆ. ಆ ಹೊಸ ಎತ್ತರವೂ ಮೊದಲಿನಷ್ಟು ಕಾಯುವವರೆಗೆ, ಅಂದರೆ ನೆಲವೂ ಒಂದು ಡಿಗ್ರಿ ಏರುವವರೆಗೆ, ಇದು ನಿಲ್ಲುವುದಿಲ್ಲ.

ಬರೀ ಒಂದು ಡಿಗ್ರಿಯಾ ಅನ್ನಬೇಡಿ. ಒಂದು ಡಿಗ್ರಿ ಬಿಸಿಯಾದ ಗಾಳಿ ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ನೀರಾವಿಯೂ ಶಾಖ ತಡೆಯುವುದೇ. ಹಿಮ ಕರಗಿದರೆ ಕಪ್ಪು ನೆಲ, ಕಪ್ಪು ಕಡಲು ಇನ್ನಷ್ಟು ಬಿಸಿಲು ಹೀರುತ್ತವೆ. ಇವೆಲ್ಲ ಸೇರಿ ಒಂದು ಡಿಗ್ರಿ ಹೋಗಿ ಸುಮಾರು ಮೂರಾಗುತ್ತದೆ. ಎರಡೂವರೆಯೂ ಇರಬಹುದು, ನಾಲ್ಕೂ ಇರಬಹುದು. ಮೋಡಗಳು ಹೇಗೆ ನಡೆದುಕೊಳ್ಳುತ್ತವೆ ಅನ್ನುವುದೇ ಈ ಅಂತರಕ್ಕೆ ಮುಖ್ಯ ಕಾರಣ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ 280 ಇಂಗಾಲದ ಡೈಆಕ್ಸೈಡ್ ಇತ್ತು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರುಮಾಡಿದಾಗ ಸುಮಾರು 315. ಈಗ 420 ದಾಟಿದೆ. ಎರಡು ಪಟ್ಟಿಗೆ ಅರ್ಧ ದಾರಿ ಬಂದಾಯಿತು.

ಸೂರ್ಯನೇ ಜಾಸ್ತಿ ಸುಡುತ್ತಿರಬಹುದಲ್ಲ ಅಂತ ಕೇಳಬಹುದು. ಹಾಗಿದ್ದರೆ ವಾಯುಮಂಡಲ ಮೇಲಿನಿಂದ ಕೆಳಗಿನವರೆಗೂ ಬಿಸಿಯಾಗಬೇಕಿತ್ತು. ಇಂಗಾಲದ ಡೈಆಕ್ಸೈಡ್ ಕಾರಣವಾದರೆ ಕೆಳಗೆ ಬಿಸಿ, ತೀರಾ ಮೇಲೆ ತಂಪು ಆಗಬೇಕು. ಏಕೆಂದರೆ ಅಷ್ಟು ಮೇಲೆ ಅದರ ಹೆಚ್ಚುವರಿ ಕಣಗಳು ಶಾಖವನ್ನು ನೇರ ಹೊರಕ್ಕೆ ಸೂಸಿಬಿಡುತ್ತವೆ. ಹವಾಮಾನ ವಿಜ್ಞಾನಿಗಳಾದ ಮನಾಬೆ ಮತ್ತು ವೆದರಾಲ್ಡ್ 1967ರಲ್ಲೇ ಈ ಲೆಕ್ಕ ಹಾಕಿ ಹೇಳಿದ್ದರು. ಉಪಗ್ರಹಗಳು ಆಮೇಲೆ ಅಳೆದದ್ದೂ ಹಾಗೇ ಇದೆ. ಓಝೋನ್ ಕಡಿಮೆಯಾದದ್ದೂ ಮೇಲಿನ ತಂಪಿಗೆ ಒಂದಷ್ಟು ಕಾರಣ. ಆದರೆ ಸೂರ್ಯನಂತೂ ಕಾರಣವಲ್ಲ.

ಮಂಡ್ಯದ ಗದ್ದೆಗೆ ಬರೋಣ. ಹಸಿರುಮನೆ ಅನಿಲಗಳು ಕೆಲಸ ಮಾಡಲು ಬಿಸಿಲೇ ಬೇಕಿಲ್ಲ. ರಾತ್ರಿಯೂ ಬಿಡುವಿಲ್ಲ. ಭತ್ತದ ಗಿಡ ಹಗಲು ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ರಾತ್ರಿ ಉಸಿರಾಡಿ ಖರ್ಚು ಮಾಡುತ್ತದೆ. ರಾತ್ರಿ ಸೆಕೆ ಜಾಸ್ತಿಯಾದರೆ ಖರ್ಚೂ ಜಾಸ್ತಿ. ಕಾಳಿಗೆ ಸೇರುವುದು ಕಡಿಮೆ. ಫಿಲಿಪೈನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲದಲ್ಲಿ ವರ್ಷಗಟ್ಟಲೆ ಅಳೆದು 2004ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಬೇಸಿಗೆ ಬೆಳೆಯಲ್ಲಿ ರಾತ್ರಿಯ ಉಷ್ಣತೆ ಒಂದು ಡಿಗ್ರಿ ಏರಿದಾಗ ಇಳುವರಿ ಶೇಕಡಾ 10ರಷ್ಟು ಇಳಿದಿತ್ತು. ಅಲ್ಲಿನ ಅಂಕಿ ಇಲ್ಲಿಗೆ ಹಾಗೇ ಒಪ್ಪುತ್ತದೆ ಅಂತಲ್ಲ. ತಳಿ ಬೇರೆ, ಮಣ್ಣು ಬೇರೆ. ಗಿಡ ಉಸಿರಾಡುವ ರೀತಿ ಮಾತ್ರ ಎಲ್ಲ ಕಡೆ ಒಂದೇ.

ಇದೇ ಗದ್ದೆ ಮೀಥೇನನ್ನೂ ಬಿಡುತ್ತದೆ. ನೀರು ನಿಂತ ಕೆಸರಿಗೆ ಗಾಳಿ ತಲುಪುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆತ ಕೂಳೆಯಿಂದ ಮೀಥೇನ್ ಮಾಡುತ್ತವೆ. ಅದರ ಹೆಚ್ಚಿನ ಪಾಲು ಗುಳ್ಳೆಯಾಗಿ ಬರುವುದಿಲ್ಲ. ಪೈರಿನ ಬೇರಿನಿಂದ ದಂಟಿನೊಳಗಿನ ಗಾಳಿಯ ದಾರಿ ಹಿಡಿದು ಹೊರಗೆ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆದರೆ ಅದು ಗಾಳಿಯಲ್ಲಿ ಉಳಿಯುವುದು ಹನ್ನೆರಡು ವರ್ಷದ ಆಸುಪಾಸು. ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಸಾವಿರಾರು ವರ್ಷ ಕೂತಿರುತ್ತದೆ. ಹಾಗಾಗಿ ಮೀಥೇನ್ ಇಳಿಸಿದರೆ ಫಲ ಬೇಗ ಕಾಣುತ್ತದೆ.

ಗದ್ದೆಗೆ ನೀರು ಕಟ್ಟಿ, ಆರಲು ಬಿಟ್ಟು, ಮತ್ತೆ ಕಟ್ಟುವ ಕ್ರಮ ಇದಕ್ಕೆ ನೆರವಾಗುತ್ತದೆ. ತೂತು ಕೊರೆದ ಒಂದಡಿ ಉದ್ದದ ಪೈಪನ್ನು ಮಣ್ಣಿನಲ್ಲಿ ನೆಟ್ಟು ಒಳಗಿನ ನೀರಿನ ಮಟ್ಟ ನೋಡುತ್ತಾರೆ. ನೀರು ಮಣ್ಣಿನ ಮೇಲ್ಮೈಯಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ಹಾಯಿಸಬೇಕು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಗದ್ದೆ ಆರಬಾರದು. ಮೀಥೇನ್ ಸಾಕಷ್ಟು ಇಳಿಯುತ್ತದೆ, ಯೂರಿಯಾದಿಂದ ಹುಟ್ಟುವ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಹಸಿರುಮನೆ ಅನಿಲ ಕೊಂಚ ಏರುತ್ತದೆ, ಕೂಡಿ ಕಳೆದರೆ ಲಾಭವೇ. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುವಾಗ ಗದ್ದೆ ಹೇಗೂ ನಡುವೆ ಆರುತ್ತದೆ. ತೊಡಕಿರುವುದು ಮುಂದಿನ ಸರದಿಯ ನೀರು ಹೇಳಿದ ದಿನ ಬರುತ್ತದೆ ಅನ್ನುವ ನಂಬಿಕೆಯಲ್ಲಿ. ಅದಿಲ್ಲದೆ ಕೊನೆ ಭಾಗದ ರೈತರಿಗೆ ಸಿಕ್ಕ ನೀರನ್ನು ಗದ್ದೆಯಲ್ಲಿ ಆರಲು ಬಿಡಿ ಅಂತ ಯಾವ ಬಾಯಲ್ಲಿ ಹೇಳುವುದು?

ನಮಸ್ಕಾರ.