ನಿದ್ದೆ ಹಾರಿತು, ಅಮಲು ಇಳಿಯಲಿಲ್ಲ

[ಪರದೆ: ಮೇಜಿನ ಮೇಲೆ ಎರಡು ಗ್ಲಾಸು. ಒಂದರಲ್ಲಿ ವೋಡ್ಕಾ ಜೊತೆ ಸೋಡಾ, ಇನ್ನೊಂದರಲ್ಲಿ ವೋಡ್ಕಾ ಜೊತೆ ಎನರ್ಜಿ ಡ್ರಿಂಕ್.]

ನಮಸ್ಕಾರ. ಎರಡೂ ಗ್ಲಾಸಿನಲ್ಲಿರುವ ವೋಡ್ಕಾ ಒಂದೇ ಅಳತೆ, 30 ಎಂಎಲ್. ಒಂದೇ ತೂಕದ ಇಬ್ಬರು ಗೆಳೆಯರು ಇದನ್ನು ಕುಡಿಯುತ್ತಾರೆ ಅಂತ ಇಟ್ಟುಕೊಳ್ಳಿ. ಇಬ್ಬರೂ 70 ಕೆಜಿ. ರಾತ್ರಿ 8ಕ್ಕೆ ಶುರು. 11 ಗಂಟೆಯೊಳಗೆ ಇಬ್ಬರೂ ಇಂಥ ಆರಾರು ಗ್ಲಾಸು ಮುಗಿಸಿದ್ದಾರೆ. ಒಬ್ಬ ಸೋಡಾ ಜೊತೆ. ಇನ್ನೊಬ್ಬ ಎನರ್ಜಿ ಡ್ರಿಂಕ್ ಜೊತೆ, ಒಟ್ಟು ಮೂರು ಕ್ಯಾನ್.

11 ಗಂಟೆಗೆ ಸೋಡಾದವನಿಗೆ ಆಕಳಿಕೆ ಮೇಲೆ ಆಕಳಿಕೆ. ಕಣ್ಣು ಎಳೀತಿದೆ. "ಸಾಕಪ್ಪಾ, ನಾನು ಮಲಗ್ತೀನಿ" ಅಂತಾನೆ. ಎನರ್ಜಿ ಡ್ರಿಂಕ್‌ನವನು ಪಟಪಟ ಮಾತಾಡ್ತಿದ್ದಾನೆ. "ನಂಗೇನೂ ಏರೇ ಇಲ್ಲ ಕಣೋ" ಅಂತಾನೆ. ಅವನು ಸುಳ್ಳು ಹೇಳ್ತಿಲ್ಲ. ಅವನಿಗೆ ಹಾಗೇ ಅನಿಸ್ತಿದೆ.

ಈಗ ರಕ್ತದ ಲೆಕ್ಕ ನೋಡೋಣ.

[ಪರದೆ: ಲೆಕ್ಕ ಒಂದೊಂದೇ ಸಾಲು ಮೂಡುತ್ತದೆ.]

ವೋಡ್ಕಾದಲ್ಲಿ ಆಲ್ಕೋಹಾಲ್ 40% ಅಂತ ಹಿಡಿದರೆ, ಆರು ಗ್ಲಾಸಿಗೆ ಸುಮಾರು 57 ಗ್ರಾಂ ಆಲ್ಕೋಹಾಲ್. ಅದು ಮೈಯಲ್ಲಿರುವ ನೀರಿನಲ್ಲೆಲ್ಲಾ ಹರಡುತ್ತೆ. 70 ಕೆಜಿ ಗಂಡಸಿಗೆ ಇದು 100 ಎಂಎಲ್ ರಕ್ತಕ್ಕೆ ಹೆಚ್ಚುಕಡಿಮೆ 115 ಮಿಲಿಗ್ರಾಂ ಆಗಬೇಕು. ಆದರೆ ಕುಡಿಯುವಾಗಲೇ ಲಿವರ್ ಗಂಟೆಗೆ ಸುಮಾರು 15 ಮಿಲಿಗ್ರಾಂ ಕರಗಿಸುತ್ತಾ ಬಂದಿರುತ್ತೆ. ಮೂರು ಗಂಟೆಗೆ 45. ಉಳಿದಿದ್ದು 70ರ ಆಸುಪಾಸು.

ಈ 70 ಇಬ್ಬರಿಗೂ ಒಂದೇ. ಎನರ್ಜಿ ಡ್ರಿಂಕ್‌ನಲ್ಲಿರುವ ಕೆಫೀನ್ ಆಲ್ಕೋಹಾಲನ್ನು ಒಡೆಯೋದಿಲ್ಲ, ಲಿವರಿನ ಕೆಲಸವನ್ನೂ ಚುರುಕು ಮಾಡೋದಿಲ್ಲ. ಇಬ್ಬರನ್ನೂ ಬ್ರೆತ್ ಅನಲೈಸರ್‌ಗೆ ಊದಿಸಿದರೆ ಹತ್ತಿರ ಹತ್ತಿರ ಒಂದೇ ಅಂಕಿ ಬರುತ್ತೆ. ಊಟ ಮಾಡಿದ್ದರೆ, ಮಾಡದಿದ್ದರೆ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತೆ, ಅಷ್ಟೇ.

ಹಾಗಾದರೆ ಒಬ್ಬನಿಗೆ ಮಾತ್ರ ಯಾಕೆ ಏರಿಲ್ಲ ಅನಿಸಿತು?

[ಪರದೆ: ಮಿದುಳಿನ ಚಿತ್ರ. ಅಡೆನೊಸಿನ್ ಕಣಗಳು ನಿಧಾನವಾಗಿ ತುಂಬುತ್ತಿವೆ.]

ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನೋ ಪದಾರ್ಥ ಸೇರ್ತಾ ಹೋಗುತ್ತೆ. ಅದು ನರಕೋಶಗಳ ಮೇಲಿರುವ ರಿಸೆಪ್ಟರ್‌ಗಳಲ್ಲಿ ಕೂತಾಗ ಮಂಪರು ಬರುತ್ತೆ. ಆಲ್ಕೋಹಾಲ್ ಈ ಅಡೆನೊಸಿನ್ನನ್ನು ಇನ್ನೂ ಜಾಸ್ತಿ ಮಾಡುತ್ತೆ. ಕುಡಿದವರು ತೂಕಡಿಸೋದಕ್ಕೆ ಇದೂ ಒಂದು ಕಾರಣ.

ಕೆಫೀನ್ ಏನು ಮಾಡುತ್ತೆ ಗೊತ್ತಾ? ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫ್ ಹಾಕ್ತಾರಲ್ಲ, ಥೇಟ್ ಹಾಗೆ. ರಿಸೆಪ್ಟರ್ ಮೇಲೆ ತಾನು ಕೂತುಬಿಡುತ್ತೆ, ಆದರೆ ಅದನ್ನು ಕೆಲಸಕ್ಕೆ ಹಚ್ಚೋದಿಲ್ಲ. ಅಡೆನೊಸಿನ್ ಬಂದು ನೋಡಿದರೆ ಜಾಗವಿಲ್ಲ. ಮಂಪರಿನ ಸುದ್ದಿ ಮಿದುಳಿಗೆ ತಲುಪೋದೇ ಇಲ್ಲ.

ಆದರೆ ಆಲ್ಕೋಹಾಲ್ ಕೈಯಾಡಿಸೋದು ಅಡೆನೊಸಿನ್ ಒಂದರಲ್ಲೇ ಅಲ್ಲ. ಮಿದುಳನ್ನು ತಣ್ಣಗಾಗಿಸುವ ಗಾಬಾ ಅನ್ನೋ ರಾಸಾಯನಿಕದ ಪರಿಣಾಮವನ್ನು ಅದು ಹೆಚ್ಚಿಸುತ್ತೆ. ಮಿದುಳನ್ನು ಚುರುಕಾಗಿಡುವ ಗ್ಲುಟಮೇಟ್‌ಗೆ ಅಡ್ಡಗಾಲು ಹಾಕುತ್ತೆ. ಹೆಜ್ಜೆ ತಪ್ಪೋದು, ನಾಲಿಗೆ ತೊದಲೋದು, ನೆನಪು ಅಳಿಸಿಹೋಗೋದು, ಯೋಚನೆ ಮಾಡದೆ ಮುನ್ನುಗ್ಗೋದು, ಇವಕ್ಕೆಲ್ಲಾ ಈ ದಾರಿಗಳೇ ಮುಖ್ಯ. ಇಲ್ಲಿ ಕೆಫೀನ್‌ನ ಆಟ ನಡೆಯೋದಿಲ್ಲ.

ಅಂದರೆ ಅಮಲಿನ ಹತ್ತಾರು ಗುರುತುಗಳಲ್ಲಿ ಕೆಫೀನ್ ಅಳಿಸೋದು ಮುಖ್ಯವಾಗಿ ಒಂದನ್ನು, ಸುಸ್ತು ಮತ್ತು ನಿದ್ದೆಯನ್ನು. ಕಷ್ಟ ಏನಪ್ಪಾ ಅಂದರೆ, ನಾವು ಎಷ್ಟು ಕುಡಿದಿದ್ದೇವೆ ಅಂತ ಒಳಗಿನಿಂದ ಅಳೆಯೋದೇ ಆ ಗುರುತಿನಿಂದ. ತನ್ನ ನಾಲಿಗೆ ತೊದಲ್ತಿದೆ ಅಂತ ಕುಡಿದವನಿಗೆ ಗೊತ್ತಾಗೋದು ಅಪರೂಪ, ಅಲ್ವಾ? ಕಣ್ಣು ಮುಚ್ಚಿಕೊಂಡು ಬರ್ತಿದೆ ಅನ್ನೋದು ಮಾತ್ರ ಗೊತ್ತಾಗುತ್ತೆ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 2006ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಒಂದು ಅಧ್ಯಯನದಲ್ಲಿ ಯುವಕರಿಗೆ ಒಂದು ಸಲ ಬರೀ ಆಲ್ಕೋಹಾಲ್, ಇನ್ನೊಂದು ಸಲ ಎನರ್ಜಿ ಡ್ರಿಂಕ್ ಬೆರೆಸಿದ ಆಲ್ಕೋಹಾಲ್ ಕೊಟ್ಟರು. ಬೆರೆಸಿ ಕುಡಿದಾಗ ತಲೆನೋವು ಕಡಿಮೆ, ನಿಶ್ಶಕ್ತಿ ಕಡಿಮೆ, ಕೈಕಾಲಿನ ಹಿಡಿತವೂ ಪರವಾಗಿಲ್ಲ ಅಂತ ಅವರೇ ಹೇಳಿದರು. ಕೈಯ ಹಿಡಿತವನ್ನು, ಕಣ್ಣಿಗೆ ಕಂಡದ್ದಕ್ಕೆ ಎಷ್ಟು ಬೇಗ ಸ್ಪಂದಿಸ್ತಾರೆ ಅನ್ನೋದನ್ನು ಅಳತೆ ಮಾಡಿ ನೋಡಿದರೆ ಏನೂ ಸುಧಾರಿಸಿರಲಿಲ್ಲ.

ನನಗೆ ಇದಕ್ಕಿಂತ ಕುತೂಹಲ ಅನಿಸಿದ್ದು ಇನ್ನೊಂದು ಬಗೆಯ ಪರೀಕ್ಷೆ.

[ಪರದೆ: ಹಸಿರು ಚೌಕ, ಹಸಿರು, ಹಸಿರು, ಥಟ್ಟನೆ ನೀಲಿ.]

ಕಂಪ್ಯೂಟರ್ ಮುಂದೆ ಕೂರಿಸ್ತಾರೆ. ಹಸಿರು ಬಂದರೆ ಬಟನ್ ಒತ್ತಬೇಕು, ನೀಲಿ ಬಂದರೆ ಒತ್ತಬಾರದು. ಕುಡಿದವರಲ್ಲಿ ಎರಡು ಎಡವಟ್ಟು ಕಾಣುತ್ತೆ. ಒತ್ತೋದು ನಿಧಾನ ಆಗುತ್ತೆ. ಒತ್ತಬಾರದಾಗ ಒತ್ತಿಬಿಡ್ತಾರೆ. ಆಲ್ಕೋಹಾಲ್ ಜೊತೆ ಕೆಫೀನ್ ಕೊಟ್ಟಾಗ ಮೊದಲನೆಯದು ಸರಿಹೋಯಿತು, ಬೆರಳು ಚುರುಕಾಯಿತು. ಎರಡನೆಯದು ಸರಿಹೋಗಲಿಲ್ಲ. ವೇಗ ವಾಪಸ್ ಬಂತು, ತಡೆಯುವ ಶಕ್ತಿ ಬರಲಿಲ್ಲ. ಬರೀ ಕುಡಿದು ಮಂಕಾಗಿ ಕೂತವನಿಗಿಂತ ಇವನನ್ನು ಕಂಡರೆ ನನಗೆ ಜಾಸ್ತಿ ಭಯ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲಾ ಅಧ್ಯಯನಗಳ ಉತ್ತರ ಒಂದೇ ಥರ ಇಲ್ಲ. "ನಿಮಗೆ ಎಷ್ಟು ಅಮಲೇರಿದೆ, ಅಂಕ ಕೊಡಿ" ಅಂತ ನೇರವಾಗಿ ಕೇಳಿದಾಗ, ಕೆಲವು ಕಡೆ ಎರಡೂ ಗುಂಪಿನವರು ಒಂದೇ ಅಂಕ ಕೊಟ್ಟಿದ್ದಾರೆ. ಹಾಗಾಗಿ ಕೆಫೀನ್ ಅಮಲನ್ನು ಪೂರ್ತಿ ಮುಚ್ಚಿಬಿಡುತ್ತೆ ಅನ್ನೋದು ಅತಿಯಾಯಿತು. ಮುಚ್ಚೋದು ಸುಸ್ತನ್ನು. "ಸಾಕು" ಅನ್ನೋ ಮಾತು ಹೊರಡೋದೂ ಸಾಮಾನ್ಯವಾಗಿ ಆ ಸುಸ್ತಿನಿಂದಲೇ.

ನಮ್ಮ ಎರಡನೆಯ ಗೆಳೆಯನ ಹತ್ತಿರ ವಾಪಸ್ ಹೋಗೋಣ. ಅವನು ಇನ್ನೊಂದು ಕ್ಯಾನ್ ತೆಗೆದು ಇನ್ನೆರಡು ಗ್ಲಾಸು ಏರಿಸ್ತಾನೆ. 12 ಗಂಟೆ ಹೊತ್ತಿಗೆ 70 ಇದ್ದದ್ದು 95ರ ಹತ್ತಿರ ಹೋಗಿದೆ. ಮಲಗಿದವನ ಅಂಕಿ ಅಷ್ಟರಲ್ಲಿ 55ಕ್ಕೆ ಇಳಿದಿದೆ. ಹೆಚ್ಚು ಅಮಲಿರುವವನೇ ಎದ್ದು ಓಡಾಡ್ತಿದ್ದಾನೆ. ಬೈಕಿನ ಕೀ ಹುಡುಕೋದೂ ಅವನೇ.

ಇನ್ನು ಕೆಫೀನ್. 250 ಎಂಎಲ್ ಕ್ಯಾನಿನಲ್ಲಿ ಸಾಮಾನ್ಯವಾಗಿ 80 ಮಿಲಿಗ್ರಾಂ ಇರುತ್ತೆ, ಅಂದರೆ ನಾಲ್ಕು ಕ್ಯಾನಿಗೆ 320. ಅದರಲ್ಲಿ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು. ಹಾಗಾಗಿ ಹಾಸಿಗೆಯಲ್ಲಿ ಹೊರಳಾಡ್ತಾನೆ. ಬೆಳಗಿನ ಜಾವ 4ಕ್ಕೆ "ಈಗ ಇಳಿದಿರಬೇಕು" ಅಂದುಕೊಂಡರೂ ರಕ್ತದಲ್ಲಿ 35ರಷ್ಟು ಬಾಕಿ ಇರುತ್ತೆ. 6 ಗಂಟೆ ದಾಟದೆ ಪೂರ್ತಿ ಖಾಲಿಯಾಗೋದಿಲ್ಲ.

ಅಮೆರಿಕದಲ್ಲಿ ಕೆಫೀನ್ ಮತ್ತು ಆಲ್ಕೋಹಾಲನ್ನು ಒಂದೇ ಕ್ಯಾನಿನಲ್ಲಿ ಬೆರೆಸಿ ಮಾರ್ತಿದ್ದರು. 2010ರ ನವೆಂಬರಿನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಅಂಥ ನಾಲ್ಕು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತು. ಆಲ್ಕೋಹಾಲ್‌ಗೆ ಕೆಫೀನ್ ಸೇರಿಸೋದು ಸುರಕ್ಷಿತವಲ್ಲ ಅಂದಿತು. ಆದರೆ ಬಾಟಲಿ ಒಂದು ಕೈಯಲ್ಲಿ, ಕ್ಯಾನ್ ಇನ್ನೊಂದು ಕೈಯಲ್ಲಿ ಇಟ್ಟುಕೊಂಡು ಬೆರೆಸೋರಿಗೆ ಯಾವ ಪತ್ರ ಕಳಿಸೋದು?

ಅದಕ್ಕೇ, ಬೆರೆಸಿ ಕುಡಿದವನು ಹೇಗಿದ್ದಾನೆ ಅಂತ ನೋಡಬೇಕಾದರೆ "ಹೇಗನಿಸ್ತಿದೆ?" ಅಂತ ಕೇಳಬೇಡಿ. ಎಷ್ಟು ಗ್ಲಾಸು, ಎಷ್ಟು ಹೊತ್ತಿನಲ್ಲಿ ಅಂತ ಲೆಕ್ಕ ಹಾಕಿ. ಸೋಡಾ ಜೊತೆ ಅಷ್ಟೇ ಕುಡಿದಿದ್ದರೆ ಕೀ ಕೊಡ್ತಿದ್ರಾ? ಇಲ್ಲ ಅಂದರೆ ಇವನಿಗೂ ಇಲ್ಲ.

ಕುಸಿದು ಮಲಗಿದರೆ "ಕೊನೆಗೂ ನಿದ್ದೆ ಬಂತು" ಅಂತ ಬಿಟ್ಟು ಹೋಗಬೇಡಿ. ಕೊನೆಯ ಗ್ಲಾಸುಗಳು ಇನ್ನೂ ಹೊಟ್ಟೆಯಲ್ಲೇ ಇರಬಹುದು, ಮಲಗಿದ ಮೇಲೂ ರಕ್ತಕ್ಕೆ ಏರ್ತಾ ಇರುತ್ತೆ. ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾಗಿದ್ದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡು ಅಂತರ ಬಿದ್ದರೆ, ತುಟಿ ನೀಲಿಗಟ್ಟಿದರೆ, ಒಂದು ಮಗ್ಗುಲಿಗೆ ಹೊರಳಿಸಿ ಆಂಬುಲೆನ್ಸ್ ಕರೆಸಿ. ವಾಂತಿಯಾದರೂ ಗಂಟಲಿಗೆ ಸಿಕ್ಕಿಕೊಳ್ಳಬಾರದು ಅಂತ ಈ ಮಗ್ಗುಲು. ಬಂದವರಿಗೆ ವೋಡ್ಕಾ ಎಷ್ಟು ಅಂತ ಹೇಳುವಾಗ ಎಷ್ಟು ಕ್ಯಾನ್ ಅನ್ನೋದನ್ನೂ ಹೇಳಿ.